ನೋಡಲು ಒಂದೇ ತೆರನಾದ ಎರಡು ಎಂಟು ಪಿನ್ ಪ್ಲಗ್‌ಗಳು: ಅದಲುಬದಲಾದರೆ ಮದರ್‌ಬೋರ್ಡ್ ಉಳಿಯದಿರಬಹುದು

ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಹೊರಬರುವ ಕೇಬಲ್‌ಗಳಲ್ಲಿ ಎಂಟು ಪಿನ್‌ಗಳ ಪ್ಲಗ್ ಎರಡು ಬಗೆಯದು ಇರುತ್ತದೆ. ಒಂದು ಪ್ರೊಸೆಸರ್‌ಗೆಂದು ಮದರ್‌ಬೋರ್ಡಿನ ಮೇಲಿನ ಮೂಲೆಯಲ್ಲಿ ಇಟ್ಟಿರುವ ಸಾಕೆಟ್ಟಿಗೆ ಹೋಗುತ್ತದೆ. ಇನ್ನೊಂದು ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಎರಡರಲ್ಲೂ ನಾಲ್ಕು ನಾಲ್ಕು ಪಿನ್‌ಗಳ ಎರಡು ಸಾಲುಗಳಿರುತ್ತವೆ, ಎರಡರಲ್ಲೂ ಒಂದು ಬದಿಗೆ ಲಾಕ್ ಇರುತ್ತದೆ, ಎರಡೂ 12 ವೋಲ್ಟ್ ವಿದ್ಯುತ್ತನ್ನೇ ಒಯ್ಯುತ್ತವೆ. ಆದರೆ ಒಂದರಲ್ಲಿ 12 ವೋಲ್ಟ್ ಇರುವ ಜಾಗದಲ್ಲೇ ಇನ್ನೊಂದರಲ್ಲಿ ಗ್ರೌಂಡ್, ಅಂದರೆ ವಿದ್ಯುತ್ತು ಮರಳುವ ದಾರಿ, ಇರುತ್ತದೆ. ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ಕೂರಿಸಿ ಬಟನ್ ಅದುಮಿದರೆ ಏನಾಗುತ್ತದೆ ಎಂಬುದನ್ನು ನಾನು ಹಾಸನದಲ್ಲಿ ಕಣ್ಣಾರೆ ಕಂಡಿದ್ದೇನೆ. ಮತ್ತೊಬ್ಬರ ಮನೆಯಲ್ಲಿ ಹಾಗಾಗದಿರಲಿ ಎಂದು ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ಮಳೆಗಾಲದಲ್ಲಿ ಅವನು ತನ್ನ ಕಂಪ್ಯೂಟರಿನ ಹಳೆಯ ಕ್ಯಾಬಿನೆಟ್ಟನ್ನೂ ಎಸ್‌ಎಂಪಿಎಸ್ಸನ್ನೂ ಬದಲಿಸಿಕೊಡುವಂತೆ ನಗರದ ಒಂದು ಅಂಗಡಿಗೆ ಕೊಟ್ಟಿದ್ದ. ಹೊಸ ಎಸ್‌ಎಂಪಿಎಸ್ ಒಳ್ಳೆಯದೇ ಆಗಿತ್ತು. ಆದರೆ ಈಗಿನ ಹಲವು ಎಸ್‌ಎಂಪಿಎಸ್‌ಗಳಂತೆ ಅದರ ಕೇಬಲ್‌ಗಳೆಲ್ಲ ಚಪ್ಪಟೆಯಾಗಿ, ಒಂದೇ ಕಪ್ಪು ಬಣ್ಣದಲ್ಲಿದ್ದವು. ಹಿಂದಿನ ಎಸ್‌ಎಂಪಿಎಸ್‌ಗಳಲ್ಲಿ 12 ವೋಲ್ಟಿನ ತಂತಿ ಹಳದಿ, ಗ್ರೌಂಡ್ ತಂತಿ ಕಪ್ಪು ಇರುತ್ತಿದ್ದುದರಿಂದ ಕಣ್ಣಿಗೆ ಒಂದು ಸುಳಿವು ಸಿಗುತ್ತಿತ್ತು. ಇಲ್ಲಿ ಆ ಸುಳಿವೂ ಇರಲಿಲ್ಲ. ಜೋಡಿಸುವ ಹುಡುಗ ಕ್ಯಾಬಿನೆಟ್ಟಿನ ಹಿಂಬದಿಯಿಂದ ಮೇಲಿನ ರಂಧ್ರದ ಮೂಲಕ ತೂರಿಸಿದ್ದು ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲನ್ನು. ಪ್ರೊಸೆಸರ್ ಮೇಲಿದ್ದ ದೊಡ್ಡ ಕೂಲರ್ ಆ ಮೂಲೆಯನ್ನು ಮರೆಮಾಡಿದ್ದರಿಂದ ಪ್ಲಗ್ಗಿನ ಮೇಲೆ ಅಚ್ಚಾಗಿದ್ದ ಅಕ್ಷರಗಳು ಅವನಿಗೆ ಕಾಣಲಿಲ್ಲ. ಸಾಕೆಟ್ ಬಿಗಿಯಾಗಿದೆ ಎಂದುಕೊಂಡು ಅವನು ಬಲವಾಗಿ ಒತ್ತಿದ. ಗ್ರಾಫಿಕ್ಸ್ ಕಾರ್ಡಿಗೆ ಅದೇ ಬಗೆಯ ಇನ್ನೊಂದು ಕೇಬಲ್ ಸರಿಯಾಗಿಯೇ ಹೋಯಿತು. ಪ್ರೊಸೆಸರ್‌ನ ನಿಜವಾದ ಕೇಬಲ್ ಹಿಂಬದಿಯಲ್ಲಿ ಸುತ್ತಿಟ್ಟ ಹಾಗೆಯೇ ಉಳಿಯಿತು. ಅನೇಕ ಎಸ್‌ಎಂಪಿಎಸ್‌ಗಳಲ್ಲಿ ಪ್ರೊಸೆಸರ್‌ಗೆ ಎರಡು ಕೇಬಲ್ ಕೊಡುವುದರಿಂದ ಒಂದು ಉಳಿದದ್ದು ಯಾರಿಗೂ ಅನುಮಾನ ಹುಟ್ಟಿಸಲಿಲ್ಲ.

ಅಂಗಡಿಯಿಂದಲೇ ಅಕ್ಕನ ಮಗ ನನಗೆ ಫೋನ್ ಮಾಡಿದ. "ಮಾಮ, ಬಟನ್ ಒತ್ತಿದ್ರೆ ಫ್ಯಾನು ಒಂಚೂರು ಅಲ್ಲಾಡಿ ನಿಂತುಬಿಡುತ್ತೆ. ಒಳಗಿಂದ ಟಕ್ ಅಂತ ಸದ್ದು ಬರುತ್ತೆ. ರ‍್ಯಾಮ್ ತೆಗೆದು ಹಾಕಿದ್ರೂ ಹಾಗೇ ಆಗ್ತಿದೆ." ಇನ್ನು ಒತ್ತಬೇಡಿ, ಗೋಡೆಯ ಸ್ವಿಚ್ ಆರಿಸಿಬಿಡಿ ಎಂದು ಹೇಳಿ ನಾನು ಹೊರಟೆ. ಆದರೆ ಅಷ್ಟರೊಳಗೆ ಅವರು ಗ್ರಾಫಿಕ್ಸ್ ಕಾರ್ಡನ್ನೂ ತೆಗೆದು ಮತ್ತೆ ಮತ್ತೆ ಪ್ರಯತ್ನಿಸಿದ್ದರು. ನಾನು ಹೋದಾಗ ಪ್ರೊಸೆಸರ್‌ನ ಪಕ್ಕದಿಂದ ಸುಟ್ಟ ವಾಸನೆ ಬರುತ್ತಿತ್ತು.

ಪ್ಲಗ್ ತೆಗೆದು ತೋರಿಸಿದಾಗ ಜೋಡಿಸಿದ ಹುಡುಗ ಕೇಳಿದ ಪ್ರಶ್ನೆ ಇದು: "ಸರ್, ಬೇರೆ ಪ್ಲಗ್ ಆಗಿದ್ರೆ ಒಳಗೇ ಹೋಗ್ತಿರಲಿಲ್ಲ ಅಲ್ವಾ?" ಈ ನಂಬಿಕೆಯೇ ಹೆಚ್ಚಿನ ಅನಾಹುತಗಳಿಗೆ ಕಾರಣವೆಂದು ನನ್ನ ಅನಿಸಿಕೆ. ತಪ್ಪು ಪ್ಲಗ್ ಹೋಗಬಾರದೆಂದೇ ಪ್ರತಿ ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ಕಿಗೆ ಒಂದೊಂದು ಆಕಾರ ಕೊಟ್ಟಿರುತ್ತಾರೆ ಎಂಬುದು ನಿಜ. ಕೆಲವು ಚೌಕವಾಗಿರುತ್ತವೆ, ಕೆಲವಕ್ಕೆ ಎರಡು ಮೂಲೆಗಳನ್ನು ತೆಗೆದಿರುತ್ತಾರೆ. ಮೂಲೆ ತೆಗೆದದ್ದು ಚೌಕದ ರಂಧ್ರಕ್ಕೆ ಹೋಗುತ್ತದೆ. ಚೌಕವಾದದ್ದು ಮೂಲೆ ತೆಗೆದ ರಂಧ್ರಕ್ಕೆ ಹೋಗುವುದಿಲ್ಲ. ಪ್ರೊಸೆಸರ್ ಪ್ಲಗ್ಗಿನ ಆಕಾರಗಳ ಕ್ರಮ ಒಂದು, ಗ್ರಾಫಿಕ್ಸ್ ಪ್ಲಗ್ಗಿನ ಕ್ರಮ ಇನ್ನೊಂದು. ಆದರೆ ಅಡ್ಡಬರುವ ಅಂಚು ಬಹಳ ಸಣ್ಣದು, ಪ್ಲಾಸ್ಟಿಕ್ ಮೃದು, ಸರಿಯಾದ ಪ್ಲಗ್ಗಿಗೂ ಸ್ವಲ್ಪ ಬಲ ಬೇಕಾಗುತ್ತದೆ. ಹೀಗಾಗಿ ಜೋರಾಗಿ ಒತ್ತಿದರೆ ಅಂಚು ನಲುಗಿ ಪ್ಲಗ್ ಒಳಗೆ ಇಳಿಯುತ್ತದೆ. ನಾವು ತೆಗೆದ ಪ್ಲಗ್ಗಿನಲ್ಲಿ ಚೌಕದ ಮೂಲೆಗಳು ಸವೆದು ಬಿಳಿಯಾಗಿದ್ದವು, ಲಾಕ್ ಪೂರ್ತಿಯಾಗಿ ಕಚ್ಚಿರಲೂ ಇಲ್ಲ.

ಒಳಗೆ ನಡೆದದ್ದನ್ನು ಅರಿಯಲು ಲಾಕ್ ಯಾವ ಬದಿಗಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಪ್ರೊಸೆಸರ್ ಪ್ಲಗ್ಗಿನಲ್ಲಿ ಲಾಕ್ ಇರುವ ಸಾಲಿನ ನಾಲ್ಕೂ ಪಿನ್‌ಗಳು 12 ವೋಲ್ಟ್, ಎದುರು ಸಾಲಿನ ನಾಲ್ಕೂ ಗ್ರೌಂಡ್. ಗ್ರಾಫಿಕ್ಸ್ ಪ್ಲಗ್ಗಿನಲ್ಲಿ ಇದು ತಿರುಗುಮುರುಗು: ಲಾಕ್ ಇರುವ ಸಾಲೆಲ್ಲ ಗ್ರೌಂಡಿಗೆ ಸೇರಿದ್ದು, ಎದುರು ಸಾಲಿನಲ್ಲಿ ಮೂರು ಪಿನ್ 12 ವೋಲ್ಟ್, ಉಳಿದ ಒಂದು, ಕೇಬಲ್ ಸಿಕ್ಕಿಸಿದೆಯೇ ಎಂದು ಕಾರ್ಡ್ ತಿಳಿದುಕೊಳ್ಳುವ ಸೆನ್ಸ್ ಪಿನ್, ಅದನ್ನೂ ಗ್ರೌಂಡಿಗೇ ಜೋಡಿಸಿರುತ್ತಾರೆ. ಈ ಪ್ಲಗ್ಗನ್ನು ಪ್ರೊಸೆಸರ್ ಸಾಕೆಟ್ಟಿಗೆ ಒತ್ತಿದಾಗ 12 ವೋಲ್ಟ್ ನೇರವಾಗಿ ಮದರ್‌ಬೋರ್ಡಿನ ಗ್ರೌಂಡಿಗೆ ತಗಲುತ್ತದೆ. ಮದರ್‌ಬೋರ್ಡಿನ ಗ್ರೌಂಡ್ ಆಗಲೇ 24 ಪಿನ್‌ಗಳ ದೊಡ್ಡ ಪ್ಲಗ್ಗಿನ ಮೂಲಕ ಎಸ್‌ಎಂಪಿಎಸ್‌ನ ಗ್ರೌಂಡಿಗೆ ಸೇರಿರುವುದರಿಂದ ಅದು ನೇರ ಶಾರ್ಟ್. ಇದರ ಜೊತೆಗೆ ಪ್ರೊಸೆಸರ್‌ನ ವೋಲ್ಟೇಜ್ ಇಳಿಸುವ ಭಾಗಕ್ಕೆ, ಅಂದರೆ ಪ್ರೊಸೆಸರ್ ಸುತ್ತಲಿನ ಮಾಸ್ಫೆಟ್ ಮತ್ತು ಕೆಪಾಸಿಟರ್‌ಗಳಿಗೆ, ವಿದ್ಯುತ್ತು ತಲೆಕೆಳಗಾಗಿ ಬರುತ್ತದೆ. ತಲೆಕೆಳಗಾದ ವಿದ್ಯುತ್ತನ್ನು ಮಾಸ್ಫೆಟ್ ತಡೆಯಲಾರದು. ಅದರೊಳಗಿರುವ ಡಯೋಡ್ ದಾರಿಬಿಟ್ಟು ಭಾರಿ ಕರೆಂಟು ಹರಿಯಗೊಡುತ್ತದೆ.

ಒಳ್ಳೆಯ ಎಸ್‌ಎಂಪಿಎಸ್ ಶಾರ್ಟನ್ನು ಗುರುತಿಸಿ ಕ್ಷಣಾರ್ಧದಲ್ಲಿ ತಾನಾಗಿಯೇ ಆರಿಹೋಗುತ್ತದೆ. ಫ್ಯಾನ್ ಅಲ್ಲಾಡಿ ನಿಂತದ್ದೂ ಟಕ್ ಎಂಬ ಸದ್ದೂ ಅದರದೇ ಗುರುತು. ಒಂದು ಸಲ ಹೀಗಾದಾಗ ಏನೂ ಕೆಡದೆ ಪಾರಾದವರೂ ಇದ್ದಾರೆ. ಆದರೆ ಪ್ರತಿ ಸಲ ಬಟನ್ ಒತ್ತಿದಾಗಲೂ, ರಕ್ಷಣೆ ಎಚ್ಚೆತ್ತುಕೊಳ್ಳುವ ಮೊದಲಿನ ಆ ಗಳಿಗೆಯಲ್ಲಿ, ಅದೇ ಮಾಸ್ಫೆಟ್‌ಗಳ ಮೇಲೆ ಅದೇ ಹೊಡೆತ ಬೀಳುತ್ತದೆ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಆ ರಕ್ಷಣೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಪ್ರೊಸೆಸರ್ ಪ್ಲಗ್ಗನ್ನು ಗ್ರಾಫಿಕ್ಸ್ ಕಾರ್ಡಿಗೆ ಒತ್ತಿದರೂ ಕಥೆ ಇದೇ: ಕಾರ್ಡಿನ ಗ್ರೌಂಡಿಗೆ 12 ವೋಲ್ಟ್ ತಗಲಿ, ಸ್ಲಾಟಿನ ಮೂಲಕ ಮದರ್‌ಬೋರ್ಡನ್ನು ಹಾದು ಶಾರ್ಟ್ ಪೂರ್ಣವಾಗುತ್ತದೆ.

ಎರಡನ್ನೂ ಬೇರೆ ಮಾಡಿ ಗುರುತಿಸಲು ಮೊದಲು ಪ್ಲಗ್ ಎಲ್ಲಿ ಸೀಳುತ್ತದೆ ಎಂದು ನೋಡಬೇಕು. ಪ್ರೊಸೆಸರ್ ಪ್ಲಗ್ ಸಾಮಾನ್ಯವಾಗಿ ನಾಲ್ಕು ಮತ್ತು ನಾಲ್ಕಾಗಿ ಬೇರ್ಪಡುತ್ತದೆ; ಗ್ರಾಫಿಕ್ಸ್ ಪ್ಲಗ್ ಆರು ಮತ್ತು ಎರಡಾಗಿ ಬೇರ್ಪಡುತ್ತದೆ. ಬಹುತೇಕ ಪ್ಲಗ್‌ಗಳ ಮೇಲೆ ಸಿಪಿಯು ಅಥವಾ ಪಿಸಿಐಇ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಕೇಬಲ್ಲನ್ನು ರಂಧ್ರದಲ್ಲಿ ತೂರಿಸುವ ಮೊದಲೇ ಅದನ್ನು ಬೆಳಕಿಗೆ ಹಿಡಿದು ಓದಿಕೊಳ್ಳಬೇಕು. ತಂತಿಗೆ ಬಣ್ಣವಿದ್ದರೆ ಹಳದಿಗಳನ್ನು ಎಣಿಸಿ: ನಾಲ್ಕಿದ್ದರೆ ಪ್ರೊಸೆಸರ್‌ನದು, ಮೂರಿದ್ದರೆ ಗ್ರಾಫಿಕ್ಸ್‌ನದು.

ಕೆಲವು ಪ್ಲಗ್‌ಗಳು ಸೀಳದೆ ಇಡಿಯಾಗಿರುತ್ತವೆ, ಬಿಡಿಯಾಗಿ ಕೊಂಡ ಎಕ್ಸ್‌ಟೆನ್ಷನ್ ಕೇಬಲ್‌ಗಳಲ್ಲಿ ಅಕ್ಷರವೂ ಇರುವುದಿಲ್ಲ. ಅಂಥಲ್ಲಿ ಮಲ್ಟಿಮೀಟರ್ ಒಂದೇ ಸರಿಯಾದ ದಾರಿ. ಎಸ್‌ಎಂಪಿಎಸ್‌ನ ಗೋಡೆಯ ಪ್ಲಗ್ ಕಿತ್ತು, ಎಲ್ಲ ಕೇಬಲ್‌ಗಳನ್ನೂ ಮದರ್‌ಬೋರ್ಡಿನಿಂದಲೂ ಕಾರ್ಡಿನಿಂದಲೂ ಬಿಡಿಸಿ, ಕೆಲವು ನಿಮಿಷ ಬಿಟ್ಟು ಮೀಟರನ್ನು ಬೀಪ್ ಸದ್ದಿನ ಗುರುತಿಗೆ ತಿರುಗಿಸಿ. ಹಳೆಯ ಹಾರ್ಡ್‌ಡಿಸ್ಕಿನ ನಾಲ್ಕು ಪಿನ್ ಪ್ಲಗ್ಗಿನ ನಡುವಿನ ಎರಡೂ ಪಿನ್‌ಗಳು ಗ್ರೌಂಡ್ ಆಗಿರುತ್ತವೆ; ಮೀಟರಿನ ಒಂದು ಪ್ರೋಬನ್ನು ಅಲ್ಲಿ ಇಟ್ಟು ಇನ್ನೊಂದನ್ನು ಎಂಟು ಪಿನ್‌ಗಳಿಗೂ ಒಂದೊಂದಾಗಿ ಮುಟ್ಟಿಸಿ. ಲಾಕ್ ಇರುವ ಸಾಲು ನಾಲ್ಕೂ ಸುಮ್ಮನಿದ್ದು ಎದುರು ಸಾಲು ಬೀಪ್ ಎಂದರೆ ಅದು ಪ್ರೊಸೆಸರ್ ಪ್ಲಗ್. ಲಾಕ್ ಇರುವ ಸಾಲೆಲ್ಲ ಬೀಪ್ ಎಂದು, ಎದುರು ಸಾಲಿನಲ್ಲೂ ಒಂದು ಪಿನ್ ಬೀಪ್ ಎಂದರೆ ಅದು ಗ್ರಾಫಿಕ್ಸ್ ಪ್ಲಗ್. 12 ವೋಲ್ಟಿನ ಪಿನ್ ಮುಟ್ಟಿದಾಗ ಒಳಗಿನ ಕೆಪಾಸಿಟರ್‌ಗಳಿಂದಾಗಿ ಒಂದು ಕ್ಷಣ ಸದ್ದು ಬಂದು ನಿಲ್ಲಬಹುದು. ನಿಲ್ಲದೆ ಬರುವ ಸದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಕೇಬಲ್ ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದವರು ಇನ್ನೊಂದನ್ನು ಗಮನಿಸಬೇಕು. ಕೆಲವು ಕಂಪನಿಗಳು ಪೆಟ್ಟಿಗೆಯ ಬದಿಯಲ್ಲಿ ಎರಡೂ ಕೇಬಲ್‌ಗಳಿಗೆ ಒಂದೇ ಬಗೆಯ ಸಾಕೆಟ್ ಇಡುತ್ತವೆ. ಅಲ್ಲಿ ಯಾವುದನ್ನು ಎಲ್ಲಿ ಹಾಕಿದರೂ ನಡೆಯುತ್ತದೆ ಎಂಬುದು ಆ ತುದಿಗೆ ಮಾತ್ರ ಹೊಂದುವ ಮಾತು, ಇನ್ನೊಂದು ತುದಿಗೆ ಅಲ್ಲವೇ ಅಲ್ಲ. ಪೆಟ್ಟಿಗೆಯ ಬದಿಯ ಪಿನ್ ಕ್ರಮಕ್ಕೆ ಎಲ್ಲರೂ ಪಾಲಿಸುವ ನಿಯಮವಿಲ್ಲದ ಕಾರಣ ಒಂದು ಕಂಪನಿಯ ಕೇಬಲ್ಲನ್ನು ಇನ್ನೊಂದರ ಪೆಟ್ಟಿಗೆಗೆ ಹಾಕಲೂಬಾರದು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರಿಗೆ ವಿಶೇಷವಾಗಿ ಹೇಳಬೇಕಾದದ್ದಿದೆ. ಸರ್ವರ್‌ಗಳಿಗೆಂದು ಮಾಡಿದ ಎನ್‌ವಿಡಿಯಾ ಟೆಸ್ಲಾ ಪಿ40, ವರ್ಕ್‌ಸ್ಟೇಷನ್‌ಗೆಂದು ಮಾಡಿದ ಆರ್‌ಟಿಎಕ್ಸ್ ಎ6000 ಮುಂತಾದ ಕಾರ್ಡುಗಳು ನೋಡಲು ಗ್ರಾಫಿಕ್ಸ್ ಕಾರ್ಡುಗಳೇ ಆದರೂ ಅವುಗಳಲ್ಲಿರುವುದು ಪ್ರೊಸೆಸರ್ ಬಗೆಯ ಎಂಟು ಪಿನ್ ಸಾಕೆಟ್. ಕಾರ್ಡ್ ಎಂದ ಮೇಲೆ ಗ್ರಾಫಿಕ್ಸ್ ಪ್ಲಗ್ಗೇ ಎಂದು ಒತ್ತಿದರೆ ಅಲ್ಲಿ ಅದೇ ತಪ್ಪಾಗುತ್ತದೆ. ಅವಕ್ಕೆ ಪ್ರೊಸೆಸರ್ ಪ್ಲಗ್ ಅಥವಾ ಅವಕ್ಕೆಂದೇ ಮಾಡಿದ ಅಡಾಪ್ಟರ್ ಬೇಕು.

ಈಗಾಗಲೇ ಹೀಗೆ ಆಗಿಬಿಟ್ಟಿದ್ದರೆ, ಸರಿಯಾದ ಕೇಬಲ್ ಹಾಕಿ ಕೂಡಲೇ ಬಟನ್ ಒತ್ತಬೇಡಿ. ಹೊಡೆತ ತಿಂದ ಮಾಸ್ಫೆಟ್‌ಗಳಲ್ಲಿ ಮೇಲಿನದು, ಅಂದರೆ 12 ವೋಲ್ಟಿಗೆ ಸೇರಿದ್ದು, ಶಾರ್ಟ್ ಆಗಿ ಉಳಿದಿದ್ದರೆ, ಸುಮಾರು ಒಂದು ವೋಲ್ಟಿನಲ್ಲಿ ಕೆಲಸ ಮಾಡುವ ಪ್ರೊಸೆಸರ್‌ಗೆ 12 ವೋಲ್ಟ್ ನುಗ್ಗುವ ಅಪಾಯವಿದೆ. ಆಗ ಬೋರ್ಡಿನ ಜೊತೆ ಪ್ರೊಸೆಸರ್ ಕೂಡ ಹೋಗುತ್ತದೆ. ನಾವು ಆ ದಿನ ಎಲ್ಲ ಕೇಬಲ್ ತೆಗೆದು, ಪ್ರೊಸೆಸರನ್ನೂ ಹೊರತೆಗೆದು, ಎಂಟು ಪಿನ್ ಸಾಕೆಟ್ಟಿನ ಲಾಕ್ ಬದಿಯ ಪಿನ್ ಮತ್ತು ಗ್ರೌಂಡ್ ನಡುವೆ ಓಮ್ ಅಳೆದೆವು. ಸರಿಯಿರುವ ಬೋರ್ಡಿನಲ್ಲಿ ಅಂಕಿ ಮೆಲ್ಲನೆ ಮೇಲೇರುತ್ತ ನೂರಾರು ಅಥವಾ ಸಾವಿರಾರು ಓಮ್‌ಗೆ ಹೋಗಬೇಕು. ಇಲ್ಲಿ ಒಂದು ಓಮ್ ಕೂಡ ಬರಲಿಲ್ಲ. ಬೋರ್ಡ್ ಹೋಗಿದೆ ಎಂಬುದು ಅಲ್ಲಿಗೇ ಖಚಿತವಾಯಿತು. ಗ್ರೌಂಡಿನ ಅಳತೆ ಸರಿಯಿದ್ದರೂ ಅಲ್ಲಿಗೆ ನಿಲ್ಲಿಸಬಾರದು: ಅದೇ 12 ವೋಲ್ಟಿನ ಪಿನ್ ಮತ್ತು ಪ್ರೊಸೆಸರ್ ಸುತ್ತ ಸಾಲಾಗಿರುವ ಒಂದೊಂದು ಕಾಯಿಲ್ ನಡುವೆಯೂ ಅಳೆದು, ಯಾವುದಾದರೂ ಒಂದರಲ್ಲಿ ಅಂಕಿ ಸೊನ್ನೆಯ ಹತ್ತಿರ ಬಂದರೆ ಆ ಮಾಸ್ಫೆಟ್ ಬದಲಾಗುವವರೆಗೆ ಆ ಬೋರ್ಡಿಗೆ ಪ್ರೊಸೆಸರ್ ಹಾಕಬಾರದು. ನಮ್ಮ ಹುಡುಗನ ಪ್ರೊಸೆಸರ್ ಬೇರೆ ಬೋರ್ಡಿನಲ್ಲಿ ಸರಿಯಾಗಿ ನಡೆಯಿತು, ಎಸ್‌ಎಂಪಿಎಸ್ ಕೂಡ ಉಳಿಯಿತು. ಸವೆದ ಪ್ಲಗ್ಗಿನ ಕೇಬಲ್ಲನ್ನು ಮಾತ್ರ ಮತ್ತೆ ಬಳಸಲಿಲ್ಲ. ಮೂಲೆ ಸವೆದ ಮೇಲೆ ಅದು ತಪ್ಪು ಸಾಕೆಟ್ಟಿಗೆ ಇನ್ನೂ ಸಲೀಸಾಗಿ ಇಳಿಯುತ್ತದೆ.