ಸಿಲ್ಲಿ ಪಾಯಿಂಟ್, ಗಲ್ಲಿ, ಫೈನ್ ಲೆಗ್: ಮೂರೂ ಕಡೆ ನಿಂತು ನೋಡಿದ ಮೇಲೆ

ಕ್ಲಬ್ ಕ್ರಿಕೆಟ್‌ನಲ್ಲಿ ಫೀಲ್ಡಿಂಗ್ ಜಾಗ ಹಂಚುವ ರೀತಿ ಹೆಚ್ಚು ಕಡಿಮೆ ಎಲ್ಲ ಟೀಮ್‌ನಲ್ಲೂ ಒಂದೇ. ತಂಡದ ಚಿಕ್ಕ ಹುಡುಗನ ತಲೆಗೆ ಹೆಲ್ಮೆಟ್ ಹಾಕಿ ಸಿಲ್ಲಿ ಪಾಯಿಂಟ್‌ಗೆ ಕಳಿಸುತ್ತಾರೆ. ಸ್ಲಿಪ್‌ನಲ್ಲಿ ಜಾಗ ಸಿಗದವನು ಗಲ್ಲಿಗೆ ಹೋಗುತ್ತಾನೆ. ಓವರ್ ಮುಗಿಸಿ ಸುಸ್ತಾದ ಬೌಲರ್ ಫೈನ್ ಲೆಗ್‌ಗೆ ನಡೆಯುತ್ತಾನೆ. ನಾನು ಈ ಮೂರೂ ಜಾಗಗಳಲ್ಲಿ ಲೀಗ್ ಪಂದ್ಯ ಆಡಿದ್ದೇನೆ, ಜಾಸ್ತಿ ಮ್ಯಾಟಿಂಗ್ ಮೇಲೆ, ಆಮೇಲೆ ಟರ್ಫ್ ಮೇಲೂ. ಆ ಅನುಭವದಿಂದ ಹೇಳೋದಾದರೆ, ಈ ಹಂಚಿಕೆ ಸರಿಯಿಲ್ಲ. ಮೂರು ಜಾಗಕ್ಕೂ ಬೇಕಾದ ಗುಣಗಳು ಬೇರೆ ಬೇರೆ. ತಂಡದಲ್ಲಿ ಅತಿ ಚುರುಕು ಕೈ ಇರುವವನು ಸಿಲ್ಲಿ ಪಾಯಿಂಟ್‌ಗೇ ಬೇಕು ಅನ್ನೋದು ಅದರಲ್ಲಿ ದೊಡ್ಡ ತಪ್ಪು ಕಲ್ಪನೆ.

ಮೊದಲು ಯಾರು ಎಲ್ಲಿ ನಿಲ್ಲುತ್ತಾರೆ ಅಂತ ನೋಡಿಬಿಡೋಣ. ಬಲಗೈ ಬ್ಯಾಟರ್ ಕ್ರೀಸ್‌ನಲ್ಲಿ ಇದ್ದಾನೆ ಅಂದುಕೊಳ್ಳಿ. ಅವನ ಎದೆ ತಿರುಗಿರುವ ಕಡೆ ಆಫ್ ಸೈಡ್, ಬೆನ್ನಿನ ಕಡೆ ಲೆಗ್ ಸೈಡ್. ಬ್ಯಾಟಿಂಗ್ ಕ್ರೀಸ್‌ನ ಗೆರೆಯನ್ನು ಆಫ್ ಕಡೆಗೆ ನೇರ ಎಳೆದುಕೊಂಡು ಹೋದರೆ ಅಲ್ಲಿ ಪಾಯಿಂಟ್ ಸಿಗುತ್ತದೆ. ಅದೇ ಗೆರೆಯ ಮೇಲೆ, ಒಂದು ಹೆಜ್ಜೆ ಬೌಲರ್ ಕಡೆಗೆ, ಬ್ಯಾಟಿನಿಂದ ಎರಡು ಎರಡೂವರೆ ಮೀಟರ್ ದೂರದಲ್ಲಿ ಬಗ್ಗಿ ಕೂತವನೇ ಸಿಲ್ಲಿ ಪಾಯಿಂಟ್. ಗಲ್ಲಿ ಇರುವುದು ಸ್ಲಿಪ್ ಸಾಲಿಗೂ ಪಾಯಿಂಟ್‌ಗೂ ನಡುವೆ, ಕ್ರೀಸ್ ಗೆರೆಗಿಂತ ಸ್ವಲ್ಪ ಹಿಂದೆ, ವೇಗದ ಬೌಲರ್ ಹಾಕುವಾಗ ಬ್ಯಾಟಿನಿಂದ ಹತ್ತರಿಂದ ಹದಿಮೂರು ಮೀಟರ್ ದೂರ. ಫೈನ್ ಲೆಗ್ ಲೆಗ್ ಸೈಡ್‌ನಲ್ಲಿ ಕೀಪರ್‌ನ ಹಿಂದೆ ಓರೆಯಾಗಿ, ಬೌಂಡರಿ ಗೆರೆಯ ಹತ್ತಿರ. ಅವನೇ 30 ಗಜದ ವೃತ್ತದೊಳಗೆ ಬಂದರೆ ಶಾರ್ಟ್ ಫೈನ್ ಲೆಗ್.

ಈಗ ಕೈಗೆ ಸಿಗುವ ಸಮಯದ ಲೆಕ್ಕ ನೋಡೋಣ. ಬ್ಯಾಟಿನ ದಪ್ಪ ಅಂಚಿಗೆ ತಾಗಿದ ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊರಟಿತು ಅನ್ನಿ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. 12 ಮೀಟರ್ ದೂರದ ಗಲ್ಲಿಗೆ ಅದು ಅರ್ಧ ಸೆಕೆಂಡಿಗೂ ಮೊದಲೇ ತಲುಪುತ್ತದೆ. ಅದೇ ವೇಗದಲ್ಲಿ ಚೆಂಡು ಸಿಲ್ಲಿ ಪಾಯಿಂಟ್ ಕಡೆ ಹೋದರೆ ಅವನಿಗೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಸಿಗಲ್ಲ. ಅಷ್ಟರಲ್ಲಿ ಯಾವ ಮನುಷ್ಯನೂ ಕ್ಯಾಚ್ ಹಿಡಿಯೋಕೆ ಆಗಲ್ಲ. ಹಾಗಾದರೆ ಸಿಲ್ಲಿ ಪಾಯಿಂಟ್ ಅಲ್ಲಿ ಯಾಕೆ ಇದ್ದಾನೆ? ಬ್ಯಾಟರ್ ಮುಂದೆ ಚಾಚಿ ಡಿಫೆಂಡ್ ಮಾಡಿದಾಗ ಬ್ಯಾಟ್‌ಗೆ ತಾಗಿ, ಪ್ಯಾಡ್‌ಗೆ ಬಡಿದು, ಮೆಲ್ಲಗೆ ಮೇಲೆದ್ದು ಬರುವ ಚೆಂಡಿಗಾಗಿ. ಆ ಚೆಂಡು ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಬರಬಹುದು. ಅಂದರೆ ಅರ್ಧ ಸೆಕೆಂಡ್ ಹತ್ತಿರ ಸಿಗುತ್ತದೆ, ಗಲ್ಲಿಯವನಿಗೆ ಸಿಗೋದಕ್ಕಿಂತ ಕಡಿಮೆಯೇನಲ್ಲ. ಆದ್ದರಿಂದ ಮಿಂಚಿನಂಥ ಕೈ ಬೇಕಾಗೋದು ಗಲ್ಲಿಗೆ. ಸಿಲ್ಲಿ ಪಾಯಿಂಟ್‌ಗೆ ಬೇಕಾಗೋದು ಕೆಳಗೆ ಕೂತು ಅಲುಗಾಡದೆ ಇರುವ ಗಟ್ಟಿತನ.

ಆ ಕೂರುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪಿಚ್‌ನ ಅಗಲ 10 ಅಡಿ. ಚೆಂಡು ಬ್ಯಾಟರ್‌ಗೆ ತಾಗುವ ತನಕ, ಇಲ್ಲವೇ ಅವನ ಬ್ಯಾಟನ್ನು ದಾಟುವ ತನಕ, ಫೀಲ್ಡರ್‌ನ ಮೈಯ ಯಾವ ಭಾಗವೂ ಪಿಚ್ ಮೇಲೆ ಬರಬಾರದು, ಪಿಚ್ ಮೇಲಿನ ಗಾಳಿಯಲ್ಲೂ ಚಾಚಬಾರದು. ಚಾಚಿದರೆ ನೋ ಬಾಲ್. ಹಾಗಾಗಿ ನಾನು ಮೊದಲು ಪಿಚ್‌ನ ಅಂಚು ನೋಡಿಕೊಂಡು ಕಾಲ ಬೆರಳು ಅದರಿಂದ ಹೊರಗಿರುವಂತೆ ನಿಲ್ಲುತ್ತಿದ್ದೆ. ಪಾದ ಭುಜಕ್ಕಿಂತ ಸ್ವಲ್ಪ ಅಗಲ, ಹಿಮ್ಮಡಿಯ ಮೇಲೆ ಭಾರ ಇರಬಾರದು, ಸೊಂಟ ಮೊಣಕಾಲ ಮಟ್ಟಕ್ಕೆ. ಎರಡೂ ಅಂಗೈ ತೆರೆದು, ಬೆರಳು ಹುಲ್ಲಿಗೆ ಮುಟ್ಟುವಷ್ಟು ಕೆಳಗೆ. ಕೆಳಗಿದ್ದ ಕೈ ಮೇಲೆ ತರೋದು ಸುಲಭ. ಮೇಲಿದ್ದ ಕೈ ಕೆಳಗಿಳಿಸೋಕೆ ಸಮಯ ಸಿಗಲ್ಲ. ಕಣ್ಣು ಬೌಲರ್ ಮೇಲೆ ಇರಲೇಬಾರದು. ಬ್ಯಾಟ್ ಮತ್ತು ಮುಂದಿನ ಪ್ಯಾಡ್ ಸೇರುವ ಜಾಗ ನೋಡುತ್ತಾ ಕೂರಬೇಕು.

ಇಲ್ಲಿ ಕೆಡೋದು ಹೆಚ್ಚಾಗಿ ಒಂದೇ ರೀತಿ. ಬ್ಯಾಟರ್ ಬ್ಯಾಟ್ ಎತ್ತಿದ ತಕ್ಷಣ ಫೀಲ್ಡರ್ ಎದ್ದುಬಿಡುತ್ತಾನೆ. ಹೆದರಿಕೆ ಸಹಜ, ಯಾರಿಗಾದರೂ ಆಗುತ್ತೆ. ಆದರೆ ಎದ್ದವನ ಮುಂದೆ ಚೆಂಡು ಪಾದದ ಹತ್ತಿರ ಬಿದ್ದು ಸಾಯುತ್ತದೆ. ಬೌಲರ್ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡ ಅಂದರೆ ಹೀಗೇ ಆಗಿದೆ ಅಂತ ಲೆಕ್ಕ. ಚೆಂಡು ಸತತವಾಗಿ ನಿಮ್ಮ ಮುಂದೆಯೇ ಬೀಳುತ್ತಿದ್ದರೆ ಮತ್ತು ನೀವು ಎದ್ದಿಲ್ಲ ಅಂತ ಖಾತ್ರಿ ಇದ್ದರೆ, ಅರ್ಧ ಹೆಜ್ಜೆ ಹತ್ತಿರ ಹೋಗಿ. ಅಂಗೈಗೆ ಸಿಗದೆ ಎದೆಗೆ ಬಡಿಯುತ್ತಿದ್ದರೆ ಅರ್ಧ ಹೆಜ್ಜೆ ಹಿಂದೆ. ಜೋರಾದ ಹೊಡೆತ ಬರುತ್ತಿದೆ ಅಂತ ಗೊತ್ತಾದಾಗ ಕ್ಯಾಚ್ ಆಸೆ ಬಿಟ್ಟು ಗದ್ದ ಎದೆಗೆ ಒತ್ತಿ ಬೆನ್ನು ತಿರುಗಿಸುವುದೇ ಸರಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಂದು ವಿಷಯ, ಯಾವ ಬೌಲರ್‌ಗೆ ಸಿಲ್ಲಿ ಪಾಯಿಂಟ್ ಅನ್ನೋದು. ಬಲಗೈ ಬ್ಯಾಟರ್‌ಗೆ ಎಡಗೈ ಸ್ಪಿನ್ನರ್ ಅಥವಾ ಲೆಗ್ ಸ್ಪಿನ್ನರ್ ಹಾಕುವಾಗ ಚೆಂಡು ಹೊರಗೆ ತಿರುಗುತ್ತದೆ, ಬ್ಯಾಟ್ ಪ್ಯಾಡ್ ಕ್ಯಾಚ್ ಆಫ್ ಕಡೆ ಹಾರುವ ಸಾಧ್ಯತೆ ಜಾಸ್ತಿ. ಆಫ್ ಸ್ಪಿನ್ನರ್ ಆದರೆ ಚೆಂಡು ಒಳಗೆ ಬರುತ್ತದೆ, ಆಗ ಎದುರು ಬದಿಯ ಶಾರ್ಟ್ ಲೆಗ್‌ಗೆ ಕೆಲಸ. ಕುಂಬ್ಳೆ ಲೆಗ್ ಸ್ಪಿನ್ನರ್ ಆದರೂ ಚೆಂಡು ತಿರುಗಿಸಿದ್ದಕ್ಕಿಂತ ಪುಟಿಸಿದ್ದೇ ಹೆಚ್ಚು. 1999ರಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಮೇಲೆ ಅವರ ಹತ್ತನೇ ವಿಕೆಟ್ ಬಂದಿದ್ದು ಶಾರ್ಟ್ ಲೆಗ್‌ನಲ್ಲಿ. ವಾಸಿಂ ಅಕ್ರಂ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. ಅದಕ್ಕೂ ಹಿಂದೆ ಪ್ರಸನ್ನ, ಚಂದ್ರಶೇಖರ್ ಕಾಲದಲ್ಲಿ ಏಕನಾಥ್ ಸೋಲ್ಕರ್ ಅದೇ ಜಾಗದಲ್ಲಿ ಹೆಲ್ಮೆಟ್ ಇಲ್ಲದೆ ನಿಲ್ಲುತ್ತಿದ್ದರು. 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಅವರದು.

ಹೆಲ್ಮೆಟ್ ಇಲ್ಲದೆ ಅನ್ನೋದನ್ನು ಯಾರೂ ಇವತ್ತು ಅನುಕರಿಸಬೇಡಿ. 1998ರಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ರಮಣ್ ಲಾಂಬಾ ಓವರ್‌ನ ಕೊನೆಯ ಕೆಲವೇ ಚೆಂಡುಗಳಿಗೆ ಅಂತ ಹೆಲ್ಮೆಟ್ ಹಾಕದೆ ಶಾರ್ಟ್ ಲೆಗ್‌ಗೆ ಬಂದರು. ಚೆಂಡು ತಲೆಗೆ ಬಡಿಯಿತು, ಕೆಲ ದಿನಗಳಲ್ಲೇ ತೀರಿಕೊಂಡರು. ಒಂದೇ ಚೆಂಡಿಗೆ ಆದರೂ ಸರಿ, ಹೆಲ್ಮೆಟ್ ಬರೋ ತನಕ ಬೌಲರ್ ಕಾಯಲಿ. 2017ರಿಂದ ಫೀಲ್ಡರ್ ಹಾಕಿಕೊಂಡ ಹೆಲ್ಮೆಟ್‌ಗೆ ತಾಗಿ ಬಂದ ಚೆಂಡನ್ನು ಹಿಡಿದರೂ ಔಟ್. ಮೊದಲು ಅದು ಔಟ್ ಆಗುತ್ತಿರಲಿಲ್ಲ.

ಗಲ್ಲಿ ನನ್ನ ಮಟ್ಟಿಗೆ ಮೂರರಲ್ಲಿ ಅತಿ ಕಷ್ಟದ ಜಾಗ. ಮೊದಲ ಸ್ಲಿಪ್‌ನವನು ಬೌಲರ್ ಕೈಯಿಂದಲೇ ಚೆಂಡನ್ನು ನೋಡುತ್ತಾ ಬರಬಹುದು. ಗಲ್ಲಿಯವನು ಬದಿಯಲ್ಲಿ ಇರೋದರಿಂದ ಅವನಿಗೆ ಆ ಸೌಕರ್ಯ ಇಲ್ಲ. ಅವನು ಬ್ಯಾಟಿನ ಅಂಚಿನ ಮೇಲೆ ಕಣ್ಣಿಟ್ಟಿರಬೇಕು. ಚೆಂಡು ಅಲ್ಲಿಂದಲೇ ಹುಟ್ಟಿಕೊಂಡ ಹಾಗೆ ಬರುತ್ತದೆ. ಸ್ಲಿಪ್‌ಗೆ ಹೋಗೋದು ಸವರಿಕೊಂಡು ಹೋದ ತೆಳು ಎಡ್ಜ್. ಗಲ್ಲಿಗೆ ಬರೋದು ಜೋರಾಗಿ ಬೀಸಿದ ಕಟ್, ಡ್ರೈವ್‌ಗಳ ದಪ್ಪ ಎಡ್ಜ್. ಜೊತೆಗೆ ಅದು ತಿರುಗುತ್ತಾ ಬರುವುದರಿಂದ ಕೈಗೆ ಬರುವಷ್ಟರಲ್ಲಿ ದಿಕ್ಕು ಸ್ವಲ್ಪ ಬಾಗಿರುತ್ತದೆ.

ಜಾಗ ಸರಿಪಡಿಸಿಕೊಳ್ಳುವುದು ಇಲ್ಲಿ ಅರ್ಧ ಕೆಲಸ. ಒಂದು ಉದಾಹರಣೆ ಕೊಡ್ತೀನಿ. ಮ್ಯಾಟಿಂಗ್ ವಿಕೆಟ್, ಔಟ್‌ಸ್ವಿಂಗ್ ಹಾಕುವ ಮಧ್ಯಮ ವೇಗಿ, ಇಬ್ಬರು ಸ್ಲಿಪ್, ಗಲ್ಲಿಯಲ್ಲಿ ನಾನು. ಮ್ಯಾಟ್ ಮೇಲೆ ಚೆಂಡು ಟರ್ಫ್‌ಗಿಂತ ಜಾಸ್ತಿ ಪುಟಿಯುತ್ತದೆ, ಹಾಗಾಗಿ ಬ್ಯಾಟರ್‌ಗಳು ಹಿಂದೆ ಸರಿದು ಕಟ್ ಮಾಡುತ್ತಾರೆ. ಮೊದಲು 10 ಮೀಟರ್ ದೂರದಲ್ಲಿ ನಿಂತೆ. ಒಂದು ಚೆಂಡು ತಲೆ ಮೇಲೆ ಹಾರಿ ಬೌಂಡರಿಗೆ ಹೋಯಿತು. ನಮ್ಮ ಕೀಪರ್ "ಎರಡು ಹೆಜ್ಜೆ ಹಿಂದೆ ಹೋಗು, ಹಾಗೇ ಪಾಯಿಂಟ್ ಕಡೆ ಒಂದು ಹೆಜ್ಜೆ" ಅಂದ. ಎಡ್ಜ್‌ನ ಕೋನ ಕೀಪರ್‌ಗೆ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ, ಅವನ ಮಾತು ಕೇಳಬೇಕು. ಅದೇ ಬ್ಯಾಟರ್ ಮುಂದಿನ ಓವರ್‌ನಲ್ಲಿ ಮತ್ತೆ ಕಟ್ ಮಾಡಿದ, ಕ್ಯಾಚ್ ಬಲಭುಜದ ಎತ್ತರಕ್ಕೆ ಬಂತು, ಬೆರಳು ಮೇಲೆ ಮಾಡಿ ಹಿಡಿದೆ. ಮೊದಲಿನ ಜಾಗದಲ್ಲೇ ಇದ್ದಿದ್ದರೆ ಅದೂ ತಲೆ ಮೇಲೆ ಹೋಗುತ್ತಿತ್ತು. ಟರ್ಫ್ ಆಗಿ ನಿಧಾನದ ಪಿಚ್ ಇದ್ದರೆ ಇದೆಲ್ಲ ಉಲ್ಟಾ. ಚೆಂಡು ನೆಲಕ್ಕೆ ಬಿದ್ದು ಬರುತ್ತಿದ್ದರೆ ಮುಂದೆ ಬರಬೇಕು.

ಫೈನ್ ಲೆಗ್ ಅಂದರೆ ಸುಮ್ನೆ ವಿಶ್ರಾಂತಿ ಜಾಗ ಅಂತ ತಿಳಿದವರು ಟೀಮ್‌ಗೆ ಬೌಂಡರಿ ಕೊಡಿಸುತ್ತಾರೆ. ಗ್ಲಾನ್ಸ್, ಒಳ ಅಂಚಿಗೆ ತಾಗಿ ಸ್ಟಂಪ್ ಪಕ್ಕ ಹಾದು ಹೋದ ಚೆಂಡು, ಹುಕ್ ಮಾಡಲು ಹೋಗಿ ಮೇಲೇರಿದ ಚೆಂಡು, ಎಲ್ಲ ಅವನ ಪಾಲಿಗೆ. ಬೌಲರ್ ಏನು ಹಾಕುತ್ತಾನೆ ಅಂತ ಗೊತ್ತಿಲ್ಲದೆ ಇಲ್ಲಿ ನಿಲ್ಲೋಕೆ ಆಗಲ್ಲ. ಚೆಂಡನ್ನು ಮುಂದೆ ಪಿಚ್ ಮಾಡಿ ಸ್ವಿಂಗ್ ಮಾಡುವಾಗ ಒಳ ಅಂಚಿಗೆ ತಾಗಿದ್ದು ಕೀಪರ್ ಹಿಂದೆಯೇ ಓಡುತ್ತದೆ, ಆದ್ದರಿಂದ ಕೀಪರ್‌ನ ಹಿಂದಿನ ಗೆರೆಗೆ ಹತ್ತಿರ ನಿಲ್ಲಬೇಕು. ಬೌನ್ಸರ್ ಹಾಕುವ ಯೋಜನೆ ಇದ್ದರೆ ಸ್ಕ್ವೇರ್ ಲೆಗ್ ಕಡೆಗೆ ಸರಿದು ಬೌಂಡರಿಗೆ ಅಂಟಿಕೊಳ್ಳಬೇಕು. ಮೊದಲೇ ಹೇಳಿಬಿಡಿ ಅಂತ ಬೌಲರ್ ಜೊತೆ ಒಪ್ಪಂದ ಮಾಡಿಕೊಳ್ಳೋದು ಒಳ್ಳೆಯದು. ಅಲ್ಲಿಂದ ಎಸೆತ ಉದ್ದ, ಒಂದು ಪುಟಿತದಲ್ಲಿ ಕೀಪರ್ ಕೈಗೆ ಬರುವಂತೆ ಎಸೆಯುವ ತೋಳು ಇಲ್ಲದವನು ಇದ್ದರೆ ಒಂದು ರನ್ ಜಾಗದಲ್ಲಿ ಎರಡು ಹೋಗುತ್ತದೆ.

ನಿಯಮದ ಒಂದು ತೊಡಕೂ ಇಲ್ಲೇ ಇದೆ. ಲೆಗ್ ಸೈಡ್‌ನಲ್ಲಿ ಕ್ರೀಸ್ ಗೆರೆಯ ಹಿಂದೆ ಕೀಪರ್ ಬಿಟ್ಟು ಇಬ್ಬರಿಗಿಂತ ಹೆಚ್ಚು ಫೀಲ್ಡರ್ ಇರಬಾರದು. ಫೈನ್ ಲೆಗ್ ಒಬ್ಬ, ಬೌಂಡರಿಯಲ್ಲಿ ಸ್ಕ್ವೇರ್‌ನ ಹಿಂದೆ ಇನ್ನೊಬ್ಬ. ಅಲ್ಲಿಗೆ ಇಬ್ಬರು ಆಯಿತು. ಈಗ ಶಾರ್ಟ್ ಲೆಗ್‌ನವನು ಗಮನವಿಲ್ಲದೆ ಗೆರೆಯ ಹಿಂದೆ ಒಂದು ಕಾಲು ಇಟ್ಟರೂ ಮೂವರಾದಂತೆ, ಸ್ಕ್ವೇರ್ ಲೆಗ್ ಅಂಪೈರ್ ನೋ ಬಾಲ್ ಕರೆಯುತ್ತಾರೆ. ಆ ಚೆಂಡಿಗೆ ಸಿಕ್ಕ ಕ್ಯಾಚ್ ವ್ಯರ್ಥ. ಇದು ಕ್ಲಬ್ ಪಂದ್ಯಗಳಲ್ಲಿ ಆಗಾಗ ಆಗುತ್ತದೆ.

ವೃತ್ತದೊಳಗಿನ ಶಾರ್ಟ್ ಫೈನ್ ಲೆಗ್ ಎಂಥ ಜಾಗ ಅಂತ ನೋಡಬೇಕಾದರೆ 2007ರ ಜೋಹಾನ್ಸ್‌ಬರ್ಗ್ ಟಿ20 ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಪಾಕಿಸ್ತಾನಕ್ಕೆ 4 ಚೆಂಡಿನಲ್ಲಿ 6 ರನ್ ಬೇಕಿತ್ತು. ಜೋಗಿಂದರ್ ಶರ್ಮ ಚೆಂಡನ್ನು ಮಿಸ್ಬಾ ಆ ಫೀಲ್ಡರ್ ತಲೆ ಮೇಲೆ ಎತ್ತಲು ಹೋದರು, ಅದು ಶ್ರೀಶಾಂತ್ ಕೈಗೆ ಬಿತ್ತು. ಎತ್ತರಕ್ಕೆ ಹೋದ ಆ ಚೆಂಡಿಗೆ ಸಮಯ ಬೇಕಾದಷ್ಟಿತ್ತು, ಕಷ್ಟ ಇದ್ದದ್ದು ಅದನ್ನು ಕಾಯುವುದರಲ್ಲಿ.

ಹಾಗಾದರೆ ಯಾರನ್ನು ಎಲ್ಲಿ ನಿಲ್ಲಿಸಬೇಕು? ನಾನು ಕ್ಯಾಪ್ಟನ್ ಆದರೆ ಅತಿ ವೇಗದ ಕೈ ಇರುವವನನ್ನು ಗಲ್ಲಿಗೆ ಹಾಕುತ್ತೇನೆ. ಕೂತಲ್ಲೇ ಕೂರಬಲ್ಲ, ಮೊಣಕಾಲು ಗಟ್ಟಿ ಇರುವವನನ್ನು, ವಯಸ್ಸು ಎಷ್ಟೇ ಇರಲಿ, ಸಿಲ್ಲಿ ಪಾಯಿಂಟ್‌ಗೆ. ಸ್ಪೆಲ್ ನಡುವೆ ಇರುವ ಬೌಲರ್‌ನನ್ನು ಮಿಡ್ ಆನ್‌ನಲ್ಲಿ ಇಟ್ಟು, ತೋಳು ಬಲವಾಗಿ ಇರುವ ಬೇರೆ ಹುಡುಗನನ್ನು ಫೈನ್ ಲೆಗ್‌ಗೆ ಕಳಿಸುತ್ತೇನೆ. ಎಡಗೈ ಬ್ಯಾಟರ್ ಬಂದರೆ ಎಲ್ಲರೂ ಬದಿ ಬದಲಿಸುತ್ತಾರೆ ಅಲ್ವಾ, ಆ ಗಡಿಬಿಡಿಯಲ್ಲಿ ಹೆಲ್ಮೆಟ್ಟನ್ನು ಎಲ್ಲೆಂದರಲ್ಲಿ ಬಿಡಬೇಡಿ. ಬೇಡವಾದಾಗ ಕೀಪರ್‌ನ ನೇರ ಹಿಂದೆ ಇಡಿ. ನೆಲದ ಮೇಲಿನ ಹೆಲ್ಮೆಟ್‌ಗೆ ಚೆಂಡು ತಾಗಿದರೆ ಎದುರಾಳಿಗೆ 5 ರನ್ ಸುಮ್ನೆ ಹೋಗುತ್ತದೆ.