ಮೊಬಿಲಿಟಿ ಪ್ಲಾನ್: ಬೆನ್ನಿಗೆ ದುಡ್ಡು ವಸೂಲ್, ಹಿಪ್ ಭಾಗಕ್ಕೆ ಸಿಟ್ಟು

ವಾರಕ್ಕೆ ಮೂರು ಬೆಳಗ್ಗೆ ಜಿಮ್, ಉಳಿದಂತೆ ದಿನವಿಡೀ ಕುರ್ಚಿ. ಇದು ನನ್ನ ಜೀವನ. ಯುಗಾದಿ ಆದಮೇಲೆ ಒಂದು ಆನ್‌ಲೈನ್ ಮೊಬಿಲಿಟಿ ಪ್ಲಾನ್ ತಗೊಂಡೆ, ಅಂದ್ರೆ ಬಿಗಿದ ಮೈ ಸಡಿಲ ಮಾಡೋ ವ್ಯಾಯಾಮದ ವಿಡಿಯೋಗಳು. ಮೂರು ತಿಂಗಳಿಗೆ 1,800 ರೂಪಾಯಿ. ಒಮ್ಮೆ ನವೀಕರಿಸಿಯೂ ಆಯ್ತು. ಈಗ ದೀಪಾವಳಿ ಮುಗಿದಿದೆ, ಹಾಗಾಗಿ ಬರೆಯುವಷ್ಟು ಬಳಸಿದ್ದೇನೆ ಅಂದ್ಕೊಳ್ತೀನಿ. ಎಷ್ಟು ವಿಡಿಯೋ, ಯಾವ ಭಾಷೆ ಅನ್ನೋದೆಲ್ಲ ಅವರ ಪುಟದಲ್ಲೇ ಇದೆ.

ಮೊದಲು ಸಿಟ್ಟಿನ ಮಾತು. ಹಿಪ್ ಭಾಗವನ್ನು ಇವರು ಸ್ಕ್ವಾಟ್‌ಗೆ ಮುಂಚೆ ಇಟ್ಟಿದ್ದಾರೆ. ಇಡಲಿ, ಆದರೆ ಒಂದೊಂದು ಸ್ಟ್ರೆಚ್ ಎರಡು ನಿಮಿಷ ಹಿಡಿಯಬೇಕಂತೆ. ಎರಡೂ ಕಾಲು ಮುಗಿಸುವಷ್ಟರಲ್ಲಿ ಮೈ ತಣ್ಣಗಾಗಿರುತ್ತದೆ, ಬಾರ್ ಕೆಳಗೆ ನಿಂತರೆ ತೊಡೆ ಸಡಿಲ ಸಡಿಲ. ಭಾರ ಎತ್ತುವ ಮುಂಚೆ ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಜಾಸ್ತಿ ಹೊತ್ತು ಎಳೆದು ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ಇದು ಹೊಸ ವಿಷಯವೇನಲ್ಲ. ಸಪೋರ್ಟ್‌ಗೆ ಬರೆದೆ. "ಬಿಡದೆ ಮಾಡಿ, ಸರಿಹೋಗುತ್ತದೆ" ಅಂತ ಉತ್ತರ ಬಂತು. ಸುಮ್ನೆ ಕೇಳಿದೆ ಅನ್ನಿಸ್ತು.

ಇನ್ನೊಂದು ಕಿರಿಕಿರಿ ಇದಕ್ಕಿಂತ ದೊಡ್ಡದು. ಪ್ಲಾನ್‌ನ ಹಿಪ್ ವ್ಯಾಯಾಮಗಳಲ್ಲಿ ಹೆಚ್ಚಿನವು ತೊಡೆಯನ್ನು ಹೊರಗೆ ಬಿಡಿಸುವಂಥವು. ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೆಳೆದವರು ನಾವು. ಆ ಕಡೆ ನನಗೆ ತೊಂದರೆಯೇ ಇಲ್ಲ. ತೊಂದರೆ ಇರೋದು ತೊಡೆ ಹಿಂದಕ್ಕೆ ಹೋಗುವಾಗ. ಕುರ್ಚಿಯಲ್ಲಾಗಲಿ, ನೆಲದಲ್ಲಾಗಲಿ, ಕಾರಿನಲ್ಲಾಗಲಿ, ಕೂತಾಗ ತೊಡೆ ಮುಂದೆಯೇ ಮಡಚಿರುತ್ತದೆ. ದೇಹದ ಹಿಂದಕ್ಕೆ ಅದು ಹೋಗುವುದು ನಡೆಯುವಾಗ ಮಾತ್ರ, ಅದೂ ಒಂಚೂರು. ಡೆಡ್‌ಲಿಫ್ಟ್‌ನಲ್ಲಿ ನನಗೆ ಇದು ಕಾಣುತ್ತಿತ್ತು. ಬಾರ್ ಮೇಲೆ ಬಂದ ಮೇಲೆ ಹಿಪ್ ಪೂರ್ತಿ ನೇರವಾಗುವ ಬದಲು ಕೆಳಬೆನ್ನು ಹಿಂದಕ್ಕೆ ಬಾಗಿ ಕೆಲಸ ಮುಗಿಸುತ್ತಿತ್ತು. ಪಕ್ಕದಿಂದ ಫೋನ್‌ನಲ್ಲಿ ವಿಡಿಯೋ ತೆಗೆದು ನೋಡಿ, ಕೊನೆಯಲ್ಲಿ ಪಕ್ಕೆಲುಬು ಮುಂದಕ್ಕೆ ಉಬ್ಬಿದ್ದರೆ ನಿಮ್ಮದೂ ಅದೇ ಕಥೆ ಇರಬಹುದು.

ಇದಕ್ಕೆ ಪ್ಲಾನ್‌ನಲ್ಲಿರುವುದು ಒಂದೇ ಸ್ಟ್ರೆಚ್: ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು, ಮುಂದಕ್ಕೆ ವಾಲುವುದು. ವಿಡಿಯೋದಲ್ಲಿ "ಇನ್ನೂ ಮುಂದೆ, ಇನ್ನೂ ಮುಂದೆ" ಅಂತಾರೆ. ಹಾಗೆ ವಾಲಿದರೆ ಸೊಂಟ ಬಾಗುತ್ತದೆ ಅಷ್ಟೇ, ತೊಡೆಯ ಮುಂಭಾಗಕ್ಕೆ ಏನೂ ತಾಗುವುದಿಲ್ಲ. ನಮ್ಮ ಜಿಮ್‌ನಲ್ಲಿ ಬೆಳಗ್ಗೆ ಬರುವ ಹಿರಿಯರೊಬ್ಬರು ನೋಡಿ, "ವಾಲಬೇಡಿ ಸಾರ್, ಊರಿದ ಕಾಲಿನ ಕಡೆ ಕುಂಡಿ ಬಿಗಿ ಹಿಡೀರಿ, ಬೆಲ್ಟ್ ಬಕಲ್ ಎದೆ ಕಡೆ ಎತ್ತಿ ನೋಡಿ" ಅಂದರು. ಒಂದಿಂಚೂ ಮುಂದೆ ಹೋಗದೆ ತೊಡೆಯ ಬುಡದಲ್ಲಿ ಹಿಡಿಯಿತು!

ಆಮೇಲೆ ನಾನೇ ಜೋಡಿಸಿಕೊಂಡ ಕ್ರಮ ಹೀಗಿದೆ. ಅದೇ ಭಂಗಿಯಲ್ಲಿ ಒಂದು ಕಡೆಗೆ ಅರ್ಧ ನಿಮಿಷ, ಜಾಸ್ತಿ ಬೇಡ. ಎದ್ದು, ಅದೇ ಕಾಲು ಹಿಂದೆ ಇಟ್ಟು ಸ್ಪ್ಲಿಟ್ ಸ್ಕ್ವಾಟ್ 8 ರೆಪ್. ಕೈಯಲ್ಲಿ ತೂಕ ಬೇಡ, ಮೂರು ಎಣಿಸುತ್ತಾ ಇಳಿಯುವುದು, ಕೆಳಗೆ ಒಂದು ಉಸಿರು ನಿಲ್ಲುವುದು, ಕುಂಡಿ ಬಿಗಿಯೇ ಇರಬೇಕು. ಆಮೇಲೆ ಇನ್ನೊಂದು ಕಾಲು. ಇಂಥ ಎರಡು ಸುತ್ತು ಆದಮೇಲೆ ನೇರ ಡೆಡ್‌ಲಿಫ್ಟ್ ವಾರ್ಮ್‌ಅಪ್. ಬರೀ ಸ್ಟ್ರೆಚ್ ಮಾಡಿದ ದಿನ ಸಿಕ್ಕ ಸಡಿಲ ಮಧ್ಯಾಹ್ನದ ಮೀಟಿಂಗ್ ಹೊತ್ತಿಗೆ ಹೋಗಿರುತ್ತಿತ್ತು. ಸಿಕ್ಕ ಜಾಗದಲ್ಲೇ ಮೈಭಾರ ಹೊರಿಸಿದ ಮೇಲೆ ಉಳಿಯತೊಡಗಿತು. ಈ ಸ್ಪ್ಲಿಟ್ ಸ್ಕ್ವಾಟ್ ಪ್ಲಾನ್‌ನಲ್ಲಿ ಎಲ್ಲೂ ಇಲ್ಲ, ಅದೇ ನನ್ನ ದೂರು. ಎರಡು ನಿಮಿಷದ ಸ್ಟ್ರೆಚ್‌ಗಳನ್ನು ರಾತ್ರಿ ಟೀವಿ ಮುಂದೆ ಮಾಡುತ್ತೇನೆ, ಅಲ್ಲಿ ಅವು ಚೆನ್ನಾಗಿಯೇ ಇವೆ.

ಈಗ ಬೆನ್ನಿನ ಭಾಗಕ್ಕೆ ಬರ್ತೀನಿ. ಇಲ್ಲಿ ನನ್ನ ಸಿಟ್ಟು ಇಳಿದುಹೋಗುತ್ತದೆ.

ಶುರುವಿಗೆ ಒಂದು ಗೋಡೆ ಪರೀಕ್ಷೆ ಕೊಡುತ್ತಾರೆ. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದೆ. ಕುಂಡಿ, ಕೆಳಬೆನ್ನು, ತಲೆ ಗೋಡೆಗೆ ಒತ್ತಿರಬೇಕು. ಮೊಣಕೈ ಮಡಚದೆ ಕೈಗಳನ್ನು ಮುಂದಿನಿಂದ ಮೇಲೆತ್ತಬೇಕು. ಕೆಳಬೆನ್ನು ಗೋಡೆ ಬಿಡುವ ಕ್ಷಣಕ್ಕೆ ನಿಲ್ಲಿಸಿ, ಹೆಬ್ಬೆರಳಿಗೂ ಗೋಡೆಗೂ ಎಷ್ಟು ಅಂತರ ಅಂತ ಮನೆಯವರಿಗೆ ನೋಡಲು ಹೇಳಿ. ನನಗೆ ಅಂಗೈ ಅಗಲಕ್ಕಿಂತ ಜಾಸ್ತಿ ಇತ್ತು. ಓವರ್‌ಹೆಡ್ ಪ್ರೆಸ್‌ನಲ್ಲಿ ಕೊನೆಗೆ ಸೊಂಟ ಯಾಕೆ ನೋಯುತ್ತಿತ್ತು ಅಂತ ಆಗ ಗೊತ್ತಾಯ್ತು. ಬಾರ್ ತಲೆ ಮೇಲೆ ನೇರ ಹೋಗಬೇಕಾದರೆ ಪಕ್ಕೆಲುಬು ಅಂಟಿಕೊಂಡಿರುವ ಬೆನ್ನಿನ ಮೇಲ್ಭಾಗ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳಬೇಕು. ಅದು ಬಿಚ್ಚದಿದ್ದರೆ ಕೆಳಬೆನ್ನು ಅದರ ಪಾಲಿನ ಕೆಲಸವನ್ನೂ ಮಾಡುತ್ತದೆ, ಪಕ್ಕದ ಟೇಬಲ್‌ನವನು ರಜೆ ಹಾಕಿದಾಗ ನಾವು ಮಾಡೋ ಹಾಗೆ.

ಬೆಳಗ್ಗೆ ಕಾಫಿಗೆ ನೀರು ಇಟ್ಟು ಫೋಮ್ ರೋಲರ್ ನೆಲಕ್ಕೆ ಹಾಕ್ತೀನಿ. ಈಗ ನನಗೆ ದಿನದ ಇಷ್ಟದ ಹೊತ್ತು ಇದು. ರೋಲರ್ ಅಡ್ಡಲಾಗಿ, ಭುಜದೆಲುಬಿನ ಕೆಳಅಂಚಿಗೆ ಬರಬೇಕು. ಕುಂಡಿ ನೆಲದ ಮೇಲೇ. ಕತ್ತಿಗೆ ಭಾರ ಬೀಳದಂತೆ ಕೈಗಳಲ್ಲಿ ತಲೆ ಹಿಡಿದು, ಉಸಿರು ಪೂರ್ತಿ ಬಿಡುತ್ತಾ ಹಿಂದಕ್ಕೆ ಬಾಗುವುದು. ನಾಲ್ಕೈದು ಉಸಿರಾದ ಮೇಲೆ ರೋಲರ್ ಎರಡು ಬೆರಳು ಮೇಲಕ್ಕೆ. ಮೂರು ಜಾಗ ಸಾಕು. ಪಕ್ಕೆಲುಬು ಮುಗಿದ ಮೇಲೆ ಕೆಳಗೆ ಹೋಗಬೇಡಿ, ಅಲ್ಲಿ ಬಾಗೋದು ನಾವು ಬಿಡಿಸಬೇಕೆಂದಿರುವ ಅಭ್ಯಾಸವೇ. ಕೆಲವು ದಿನ ನೆಟಿಗೆ ಬಿದ್ದ ಹಾಗೆ ಸದ್ದು ಬರುತ್ತದೆ. ಖುಷಿಯಾಗುತ್ತದೆ, ಆದರೆ ಸದ್ದಿಗೂ ಸಡಿಲಕ್ಕೂ ಸಂಬಂಧವಿಲ್ಲ. ಸದ್ದಿಲ್ಲದ ದಿನವೂ ಗೋಡೆ ಪರೀಕ್ಷೆ ಅಷ್ಟೇ ಚೆನ್ನಾಗಿ ಬರುತ್ತದೆ.

ಪ್ರೆಸ್ ದಿನ ಜಿಮ್‌ನಲ್ಲಿ ಬೆಂಚ್ ಮೇಲಿನದು ಮಾಡುತ್ತೇನೆ. ಬೆಂಚ್ ಮುಂದೆ ಮಂಡಿಯೂರಿ, ಕೈಯಲ್ಲಿ ಕೋಲು ಹಿಡಿದು, ಮೊಣಕೈಗಳನ್ನು ಬೆಂಚ್ ಮೇಲಿಟ್ಟು, ಎದೆ ನೆಲದ ಕಡೆ ಇಳಿಬಿಡುತ್ತಾ ಕೋಲನ್ನು ಕತ್ತಿನ ಹಿಂದಕ್ಕೆ ತರುವುದು. ನಿಧಾನವಾಗಿ ಎಂಟು ಸಲ. ತಕ್ಷಣ ಖಾಲಿ ಬಾರ್‌ನಲ್ಲಿ ಪ್ರೆಸ್. ಗೌರಿ ಹಬ್ಬದ ಹೊತ್ತಿಗೆ ಗೋಡೆಯ ಅಂತರ ಎರಡು ಬೆರಳಿಗೆ ಬಂತು. ಬಾರ್ ಸೇರಿ 35 ಕೆಜಿಗೆ ಸೊಂಟ ಹಿಡಿಯುತ್ತಿದ್ದವನು ಈಗ 40 ಕೆಜಿ ಮಾಡುತ್ತೇನೆ, ಸೊಂಟ ಸುಮ್ಮನಿದೆ. ತೋಳಿನ ಬಲವೂ ಸ್ವಲ್ಪ ಹೆಚ್ಚಿರಬೇಕು, ಎಲ್ಲ ಶ್ರೇಯ ರೋಲರ್‌ಗೆ ಕೊಡಲ್ಲ.

ಭಂಗಿ ಬದಲಾಯ್ತಾ ಅಂತ ಹೆಂಡತಿಯನ್ನು ಕೇಳಿದೆ. "ಲ್ಯಾಪ್‌ಟಾಪ್ ಮುಂದೆ ಇನ್ನೂ ಹಂಗೇ ಕೂರ್ತೀರಲ್ಲ" ಅಂದಳು. ನಿಜ. ಬೆನ್ನು ಬಿಚ್ಚಬಲ್ಲದು ಅಂದಮಾತ್ರಕ್ಕೆ ಕುರ್ಚಿಯಲ್ಲಿ ತಾನಾಗಿ ಬಿಚ್ಚಿಕೊಂಡು ಕೂರುವುದಿಲ್ಲ. ಲ್ಯಾಪ್‌ಟಾಪ್ ಕೆಳಗೆ ದಪ್ಪ ಡಬ್ಬಿ, ಬೇರೆ ಕೀಬೋರ್ಡ್, ಗಂಟೆಗೊಮ್ಮೆ ಏಳುವುದು, ಇದಕ್ಕೆ ಪ್ಲಾನ್ ಬೇಕಿಲ್ಲ. ಫೋಟೋ ತೆಗೆದು ಕೊಡುವ "ಭಂಗಿ ಅಂಕ" ಅಂತೂ ದೊಗಲೆ ಶರ್ಟ್ ಹಾಕಿದರೆ ಏರುತ್ತದೆ, ನಂಬಬೇಡಿ.

ನಿಮಗೆ ಸ್ಕ್ವಾಟ್‌ನ ಕೆಳಗೆ ತೊಡೆಸಂದಿಯಲ್ಲಿ ಚಿವುಟಿದಂಥ ನೋವು ಬರುತ್ತಿದ್ದರೆ ಇದನ್ನು ತಗೊಳ್ಳಬೇಡಿ, ಮೊದಲು ಫಿಸಿಯೋ ಹತ್ತಿರ ಹೋಗಿ. ಬರೀ ಬಿಗಿತ ಇದ್ದರೆ ಮೂರು ತಿಂಗಳು ಸಾಕು. ಬೆನ್ನಿನ ಭಾಗ ಅಷ್ಟರಲ್ಲಿ ಬಾಯಿಪಾಠ ಆಗಿರುತ್ತದೆ. ಸುಮಾರು ಏಳುನೂರಕ್ಕೆ ಗಟ್ಟಿ ರೋಲರ್ ಸಿಗುತ್ತದೆ, ಮೆತ್ತನೆಯದು ಕೆಲವೇ ವಾರದಲ್ಲಿ ಚಪ್ಪಟೆ. ಸೇರಿದ ದಿನವೇ ಆಟೋ ಪೇಮೆಂಟ್ ಆಫ್ ಮಾಡಿಬಿಡಿ, ನನ್ನ ಎರಡನೇ 1,800 ಹೋಗಿದ್ದು ಹಾಗೇ.