ಎಂಟು ಅಕ್ಷರವೋ, ಆರು ಪದವೋ? ಮೂರು ಬಗೆಯ ಪಾಸ್‌ವರ್ಡ್ ಬಳಸಿ ನೋಡಿದೆ

ಬಹಳ ವರ್ಷ ನನ್ನ ಪಾಸ್‌ವರ್ಡ್ `R@inb0w7!` ಆಗಿತ್ತು. ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇದ್ದವು. ಎಲ್ಲಿ ಹಾಕಿದರೂ ಹಸಿರು ಪಟ್ಟಿ ಬಂದು ‘ಸ್ಟ್ರಾಂಗ್’ ಅನ್ನುತ್ತಿತ್ತು. ಬದಲಿಸಲೇಬೇಕು ಅಂದಾಗ 7 ಹೋಗಿ 8 ಬರುತ್ತಿತ್ತು, ಅಷ್ಟೇ.

ಪಾಸ್‌ವರ್ಡ್ ಒಡೆಯುವ ಸಾಫ್ಟ್‌ವೇರ್ ಒಂದೊಂದೇ ಅಕ್ಷರ ತಡಕಾಡುತ್ತಾ ಕೂರುವುದಿಲ್ಲ. ಮೊದಲು ನಿಘಂಟಿನ ಪದಗಳನ್ನು ತೆಗೆದುಕೊಳ್ಳುತ್ತದೆ. ಆಮೇಲೆ ಮೊದಲ ಅಕ್ಷರ ದೊಡ್ಡದು, `a` ಬದಲು `@`, `o` ಬದಲು `0`, ಕೊನೆಗೊಂದು ಅಂಕಿ, ಒಂದು `!`. ನಾನು ಜಾಣತನ ಅಂದುಕೊಂಡಿದ್ದೆಲ್ಲ ಅದರ ನಿಯಮಗಳ ಪಟ್ಟಿಯಲ್ಲಿ ಮೊದಲೇ ಇತ್ತು.

ಹಾಗಾಗಿ ಅದನ್ನು ಬಿಟ್ಟು, ಎರಡು ವಾರ ನಿಜವಾಗಿಯೂ ರ‍್ಯಾಂಡಮ್ ಆದ ಎಂಟು ಅಕ್ಷರ ಬಳಸಿದೆ: `k7$Rw!2x` ತರಹದ್ದು. ಫೋನಿನಲ್ಲಿ ಟೈಪ್ ಮಾಡುವಾಗ ಕೀಬೋರ್ಡ್ ಅಕ್ಷರದಿಂದ ಚಿಹ್ನೆಗೆ, ಚಿಹ್ನೆಯಿಂದ ಅಕ್ಷರಕ್ಕೆ ಹಾರುತ್ತಲೇ ಇರಬೇಕು. ನಾಲ್ಕು ದಿನ ಮುಟ್ಟದಿದ್ದರೆ ಮರೆತೇ ಹೋಗುತ್ತಿತ್ತು.

ಆಮೇಲೆ ದಾಳಕ್ಕೆ ಬಂದೆ. ಡೈಸ್‌ವೇರ್ ಅನ್ನುವ ಈ ವಿಧಾನ 1995ರದ್ದು. 7,776 ಪದಗಳ ಪಟ್ಟಿ, ಪ್ರತಿ ಪದಕ್ಕೂ ಐದು ಅಂಕಿಯ ಒಂದು ಸಂಖ್ಯೆ. ದಾಳವನ್ನು ಐದು ಸಲ ಹಾಕಿದರೆ ಒಂದು ಪದ ಸಿಗುತ್ತದೆ. ಮೂವತ್ತು ಸಲ ಹಾಕಿದಾಗ ನನಗೆ ಆರು ಪದ ಬಂತು. `candle gravel orbit mitten sesame uproot` ಇದ್ದ ಹಾಗೆ. ಮೂರನೇ ಪದ ಇಷ್ಟವಾಗದೆ ಇನ್ನೊಂದು ಸಲ ಹಾಕೋಣ ಅನ್ನಿಸಿತು. ಹಾಕಲಿಲ್ಲ. ಇಷ್ಟವಾಗಿದ್ದನ್ನು ಆರಿಸುತ್ತಾ ಹೋದರೆ ಅದು ದಾಳದ ಆಯ್ಕೆ ಆಗಿ ಉಳಿಯುವುದಿಲ್ಲ, ಅಲ್ವಾ?

ಈಗ ಸ್ವಲ್ಪ ಲೆಕ್ಕ. ಕಳ್ಳನಿಗೆ ನನ್ನ ಪದಪಟ್ಟಿ ಯಾವುದು ಅಂತಲೂ ಗೊತ್ತು, ಸೆಕೆಂಡಿಗೆ ಹತ್ತು ಸಾವಿರ ಕೋಟಿ ಊಹೆ ಮಾಡಬಲ್ಲ ಯಂತ್ರವೂ ಇದೆ ಅಂತಿಟ್ಟುಕೊಳ್ಳಿ. ಕೀಬೋರ್ಡಿನ 94 ಅಕ್ಷರ-ಚಿಹ್ನೆಗಳಿಂದ ಎಂಟನ್ನು ಜೋಡಿಸುವ ಎಲ್ಲ ಬಗೆಗಳೂ ಸುಮಾರು 17 ಗಂಟೆಯಲ್ಲಿ ಮುಗಿಯುತ್ತವೆ. ಆರು ಪದಗಳಿಗೆ ಸುಮಾರು 70,000 ವರ್ಷ ಬೇಕು. ಆದರೆ ಪದ ಅಂದ ತಕ್ಷಣ ಮೈಮರೆಯಬೇಡಿ. ನಾಲ್ಕೇ ಪದವಾದರೆ ಆ ರ‍್ಯಾಂಡಮ್ ಎಂಟು ಅಕ್ಷರಕ್ಕಿಂತ ಸ್ವಲ್ಪ ದುರ್ಬಲವೇ. ಹಾಡಿನ ಸಾಲು, ಗಾದೆ ಹಾಕಿದರಂತೂ ಎಷ್ಟು ಉದ್ದವಿದ್ದರೂ ಸುಮ್ನೆ.

ಎಲ್ಲ ಸಣ್ಣಕ್ಷರ ಆಗಿದ್ದರಿಂದ ಟೈಪಿಂಗ್ ಸಲೀಸು. ಮೊದಲ ವಾರ ಚೀಟಿ ನೋಡಿದೆ, ಎರಡನೇ ವಾರ ಬೆರಳಿಗೇ ಬಂತು.

ತೊಂದರೆ ಬೇರೆ ಕಡೆ ಇತ್ತು. ಒಂದು ಸೈಟಿನಲ್ಲಿ ಆರು ಪದ ಹಾಕಿದೆ, ‘ಬದಲಾಗಿದೆ’ ಅಂತ ಬಂತು. ಲಾಗಿನ್ ಮಾಡಿದರೆ ತಪ್ಪು, ತಪ್ಪು, ತಪ್ಪು. ಕೊನೆಗೆ ಅನುಮಾನ ಬಂದು ಮೊದಲ 20 ಅಕ್ಷರ ಮಾತ್ರ ಹಾಕಿದೆ, ಬಾಗಿಲು ತೆರೆಯಿತು! ಬದಲಿಸುವ ಪುಟ ನನ್ನ ಪದಗಳನ್ನು ಸದ್ದಿಲ್ಲದೆ ಕತ್ತರಿಸಿತ್ತು, ಲಾಗಿನ್ ಪುಟ ಕತ್ತರಿಸುತ್ತಿರಲಿಲ್ಲ. ಈಗ ಪಾಸ್‌ವರ್ಡ್ ಬದಲಿಸಿದ ಕೂಡಲೇ ಇನ್ನೊಂದು ಬ್ರೌಸರ್‌ನಲ್ಲಿ ಲಾಗಿನ್ ಮಾಡಿ ನೋಡುತ್ತೇನೆ. ಕೊನೆಯ ಅಕ್ಷರ ಬಿಟ್ಟೂ ಒಮ್ಮೆ ನೋಡುತ್ತೇನೆ. ಆಗಲೂ ಒಳಗೆ ಬಿಟ್ಟರೆ ಎರಡು ಕಡೆಯೂ ಕತ್ತರಿ ಇದೆ ಅಂತ.

ಅದಕ್ಕಿಂತ ದೊಡ್ಡ ಪ್ರಶ್ನೆ, ಇಂಥ ಆರು ಪದಗಳನ್ನು ಎಷ್ಟು ಖಾತೆಗೆ ನೆನಪಿಟ್ಟುಕೊಳ್ಳುವುದು? ನನಗೆ ಎರಡಕ್ಕಿಂತ ಜಾಸ್ತಿ ಆಗಲಿಲ್ಲ. ಒಂದನ್ನೇ ಎಲ್ಲ ಕಡೆ ಹಾಕಿದರೆ, ಯಾವುದೋ ಒಂದು ಸೈಟ್ ಅದನ್ನು ಹಾಗೆಯೇ ಬರೆದಿಟ್ಟು ಕಳೆದುಕೊಂಡರೂ ಸಾಕು, ಉಳಿದೆಲ್ಲವೂ ಹೋಯಿತು. ಅಲ್ಲಿ ಉದ್ದ ಏನೂ ಮಾಡುವುದಿಲ್ಲ.

ಮೂರನೇ ಸ್ಪರ್ಧಿ ಪಾಸ್‌ವರ್ಡ್ ಮ್ಯಾನೇಜರ್ ಬಂದಿದ್ದು ಇಲ್ಲಿಗೆ. ಪ್ರತಿ ಸೈಟಿಗೂ 20 ಅಕ್ಷರದ ಗೋಜಲನ್ನು ಅದೇ ಹುಟ್ಟಿಸಿ, ಅದೇ ತುಂಬುತ್ತದೆ. ಅದರ ಬೀಗದ ಕೈ ಮಾತ್ರ ನನ್ನ ಆರು ಪದ. ಒಂದು ಸಲ ನನ್ನ ಬ್ಯಾಂಕಿನ ಹಾಗೇ ಕಾಣುವ ಪುಟದಲ್ಲಿ ಅದು ಏನನ್ನೂ ತುಂಬದೆ ಸುಮ್ಮನಿತ್ತು. ಕೆಟ್ಟುಹೋಯಿತೇನೋ ಅಂದುಕೊಂಡೆ. ವಿಳಾಸ ನೋಡಿದರೆ ಒಂದು ಅಕ್ಷರ ಬೇರೆ. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಕಂಪ್ಯೂಟರಿಗೇ ವೈರಸ್ ಹೊಕ್ಕಿದ್ದರೆ, ತೆರೆದಿಟ್ಟ ಪೆಟ್ಟಿಗೆಯಿಂದ ಎಲ್ಲವೂ ಒಟ್ಟಿಗೇ ಹೋಗಬಹುದು. ಆರು ಪದ ಮರೆತರೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ ಪೆಟ್ಟಿಗೆ ತೆರೆಸಲು ಸಾಮಾನ್ಯವಾಗಿ ಆಗುವುದಿಲ್ಲ, ಬೀಗದ ಕೈ ಮ್ಯಾನೇಜರ್ ಕಂಪನಿಯವರ ಬಳಿಯೂ ಇರುವುದಿಲ್ಲ. ಅದಕ್ಕೇ ಮೊದಲ ವಾರದ ಆ ಚೀಟಿಯನ್ನು ಹರಿದು ಹಾಕಲಿಲ್ಲ. ಲಕೋಟೆಗೆ ಹಾಕಿ ಮನೆಯ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ. ತಲೆಯಲ್ಲಿ ಈಗ ಇರುವುದು ಎರಡು: ಒಂದು ಮ್ಯಾನೇಜರ್‌ನದ್ದು, ಇನ್ನೊಂದು ಲ್ಯಾಪ್‌ಟಾಪಿನದ್ದು.